ಕುಂಡದ ತಳದ ಮಾತು ಕಡ್ಡಿಗೇ ಗೊತ್ತು

ಎಲೆ ಬಾಡಿದ್ದನ್ನು ನೋಡಿದ ಕೂಡಲೇ ತಂಬಿಗೆ ಎತ್ತಿಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಆದರೆ ಬಾಡಿದ ಎಲೆ ಎರಡು ವಿರುದ್ಧ ಕಾಯಿಲೆಗಳ ಒಂದೇ ಲಕ್ಷಣ. ಮಣ್ಣು ಒಣಗಿದರೆ ಬೇರಿಗೆ ನೀರು ಸಿಗುವುದಿಲ್ಲ. ಮಣ್ಣಿನಲ್ಲಿ ನೀರು ನಿಂತು ಗಾಳಿಯಾಡದೆ ಹೋದರೆ ಬೇರು ಕೊಳೆಯುತ್ತದೆ, ಕೊಳೆತ ಬೇರೂ ನೀರನ್ನು ಎಳೆಯಲಾರದು. ಎರಡರಲ್ಲೂ ಎಲೆ ಜೋಲುವುದು ಒಂದೇ ಥರ. ಮೊದಲನೆಯದಕ್ಕೆ ನೀರೇ ಮದ್ದು, ಎರಡನೆಯದಕ್ಕೆ ಅದೇ ನೀರು ವಿಷ. ಹಾಗಾಗಿ ನೀರು ಹಾಕುವ ಮುನ್ನ ಬೇರು ಇರುವ ಆಳದಲ್ಲಿ ಏನಾಗಿದೆ ಎಂದು ತಿಳಿಯಲೇಬೇಕು. ಒಂದು ಗೇಣು ಆಳದ ಸಣ್ಣ ಕುಂಡವನ್ನು ಎತ್ತಿ ನೋಡಿದರೆ ಭಾರದಲ್ಲೇ ಗೊತ್ತಾಗುತ್ತದೆ. ಒಂದು ಮೊಳ ಆಳದ ಡ್ರಮ್ಮನ್ನು ಎತ್ತುವವರು ಯಾರು?

ಇದನ್ನು ಬರೆಯಲು ಕಾರಣವಿದೆ. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಲೇ ನಾನು ಕೊಪ್ಪಳದಲ್ಲಿ ಮನೆ, ಅಂಗಡಿ, ಕ್ಲಿನಿಕ್‌ಗಳ ಕುಂಡಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಕುಂಡಕ್ಕೆ ತಿಂಗಳಿಗೆ ಇಂತಿಷ್ಟು ಎಂಬ ಲೆಕ್ಕ. ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿರುವ ಮೂವರು ಗೆಳೆಯರೂ ಇದೇ ಕೆಲಸಕ್ಕೆ ಇಳಿದಿದ್ದಾರೆ. ಒಂದು ಗಿಡ ಸತ್ತರೆ ಆ ಮನೆಯ ಕೆಲಸ ಹೋಯಿತು, ಅವರು ಪಕ್ಕದ ಮನೆಗೆ ಹೇಳುವ ಮಾತೂ ಹೋಯಿತು. ‘ಮೊದಲ ತಿಂಗಳ ದುಡ್ಡಿನಾಗ ತೇವಾಂಶ ಮೀಟರ್ ತೊಗೊಳ್ಳೋದೋ ಬ್ಯಾಡೋ’ ಎಂದು ಮೂವರೂ ಕೇಳಿದ್ದರು. ಬ್ಯಾಡ ಎಂಬುದು ನನ್ನ ಅಭಿಪ್ರಾಯ. ಆಳದ ಕುಂಡಗಳಿಗೆ ಒಣ ಕಡ್ಡಿಯೇ ಮೇಲು. ಯಾಕೆ ಎಂಬುದನ್ನು ನಾವು ನೋಡಿದ ಕುಂಡಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲಿಗೆ ಬೆರಳು. ಎಲ್ಲರ ಕೈಯಲ್ಲೂ ಇರುವ ಸಾಧನ ಇದು, ಖರ್ಚಿಲ್ಲ. ಆದರೆ ಬೆರಳನ್ನು ಎರಡನೇ ಗೆಣ್ಣಿನವರೆಗೆ ಒತ್ತಿದರೂ ಅದು ಇಳಿಯುವುದು ಎರಡು ಅಂಗುಲದಷ್ಟೇ. ಸಸಿ ಬೆಳೆಸುವ ಪಾಲಿಥಿನ್ ಚೀಲಕ್ಕೆ, ಕೊತ್ತಂಬರಿ, ಮೆಂತ್ಯದ ತಟ್ಟೆಗೆ ಅಷ್ಟು ಸಾಕು. ಹದಿನೆಂಟು ಅಂಗುಲದ ಕುಂಡದಲ್ಲಿ ಅದು ಒಂಬತ್ತರಲ್ಲಿ ಒಂದು ಪಾಲಿನ ಸುದ್ದಿ ಮಾತ್ರ. ಅದೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ ಆರಿಹೋಗುವ ಪಾಲು. ಕುಂಡದ ಮೇಲಿನ ಎರಡು ಅಂಗುಲ ಬಿಸಿಲು, ಗಾಳಿಯ ಲೆಕ್ಕ ಹೇಳುತ್ತದೆಯೇ ಹೊರತು ಬೇರಿನ ಲೆಕ್ಕವನ್ನಲ್ಲ.

ತಳದಲ್ಲಿ ನೀರು ಉಳಿಯುವುದೇಕೆ ಎಂದು ತಿಳಿಯಲು ಮೈ ಉಜ್ಜುವ ಸ್ಪಂಜೊಂದನ್ನು ನೀರಲ್ಲಿ ಅದ್ದಿ, ಅಡ್ಡಲಾಗಿ ಮಟ್ಟಸವಾಗಿ ಹಿಡಿಯಿರಿ. ಹನಿ ಬೀಳುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಇನ್ನಷ್ಟು ನೀರು ಸುರಿಯುತ್ತದೆ, ಆದರೂ ಕೆಳಗಿನ ತುದಿ ತೊಯ್ದೇ ಇರುತ್ತದೆ. ಕುಂಡದ ಮಣ್ಣೂ ಹೀಗೆಯೇ. ರಂಧ್ರದಿಂದ ನೀರು ಹರಿದು ನಿಂತ ಮೇಲೂ ತಳದಲ್ಲಿ ಕೆಲವು ಅಂಗುಲದಷ್ಟು ಮಣ್ಣು ನೀರನ್ನು ಹಿಡಿದುಕೊಂಡೇ ಇರುತ್ತದೆ. ಆ ಪದರ ಎಷ್ಟು ಎತ್ತರ ಎಂಬುದು ಕುಂಡದ ಆಳದ ಮೇಲಲ್ಲ, ಮಣ್ಣು ಎಷ್ಟು ನುಣುಪು ಎಂಬುದರ ಮೇಲೆ ನಿಂತಿದೆ. ತಳಕ್ಕೆ ಜಲ್ಲಿ ಹಾಕಿದರೆ ಆ ಪದರ ಹೋಗುವುದಿಲ್ಲ, ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ ಅಷ್ಟೆ. ಹೀಗಾಗಿ ಆಳದ ಕುಂಡದಲ್ಲಿ ಮೇಲೆ ಬೇಸಿಗೆ, ಕೆಳಗೆ ಮಳೆಗಾಲ ಎರಡೂ ಒಟ್ಟಿಗೆ ಇರಬಹುದು.

ಕುಷ್ಟಗಿಯ ಮನೆಯೊಂದರ ಮಾಳಿಗೆಯ ಮೇಲೆ ಅಂಥದ್ದೇ ಕುಂಡವಿತ್ತು. ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು, ಮಸಾರಿ ಮಣ್ಣು ಮತ್ತು ತಿಪ್ಪೆಗೊಬ್ಬರ ತುಂಬಿ ಹಚ್ಚಿದ ನಿಂಬೆ ಗಿಡ. ಎಲೆ ಹಳದಿಯಾಗಿ ಉದುರುತ್ತಿತ್ತು, ಉಳಿದವು ಜೋತು ಬಿದ್ದಿದ್ದವು. ಮನೆಯ ಅಕ್ಕಾರು, ‘ದಿನಾ ಮುಂಜಾನೆ ಒಂದು ಬಕೀಟು ಹಾಕ್ತೀನಿ ತಮ್ಮಾ, ಬೆರಳು ಹಾಕಿ ನೋಡಿದ್ರ ಒಣಾ ಒಣಾ ಇರತೈತಿ. ಎಷ್ಟು ಹಾಕಿದ್ರೂ ಸಾಲಾಕತ್ತಿಲ್ಲ’ ಎಂದರು. ಅವರ ಬೆರಳು ಸುಳ್ಳು ಹೇಳಿರಲಿಲ್ಲ. ಮೇಲಿನ ಎರಡು ಅಂಗುಲ ನಿಜಕ್ಕೂ ಒಣಗಿತ್ತು.

ನಾವು ಒಣ ಬಿದಿರು ಕಡ್ಡಿಯನ್ನು ತಳದವರೆಗೆ ಇಳಿಸಿದೆವು. ಹತ್ತು ನಿಮಿಷ ಬಿಟ್ಟು ಎಳೆದಾಗ ಮೇಲಿನ ಐದಾರು ಬೆರಳಷ್ಟು ಬಿಳಿಯಾಗೇ ಇತ್ತು, ನಡುವೆ ಬಣ್ಣ ತುಸು ಗಾಢವಾಗಿತ್ತು, ಕೆಳಗಿನ ಒಂದು ಗೇಣು ಕಪ್ಪಾಗಿ ತೊಯ್ದು ಮಣ್ಣು ಮೆತ್ತಿಕೊಂಡಿತ್ತು. ಮೂಗಿಗೆ ಹಿಡಿದರೆ ಚರಂಡಿಯ ವಾಸನೆ. ಡ್ರಮ್ಮನ್ನು ವಾರೆ ಮಾಡಿ ನೋಡಿದರೆ ತಳದ ರಂಧ್ರಗಳು ಬೇರು, ಕೆಸರಿನಿಂದ ಮುಚ್ಚಿಹೋಗಿದ್ದವು. ತಂತಿಯಿಂದ ಬಿಡಿಸಿ, ಡ್ರಮ್ಮನ್ನು ಮೂರು ಇಟ್ಟಿಗೆಗಳ ಮೇಲೆ ಕೂರಿಸಿದೆವು. ಆಮೇಲೆ ಆರು ದಿನ ಹನಿ ನೀರೂ ಹಾಕದಂತೆ ಹೇಳಿ, ದಿನಕ್ಕೊಮ್ಮೆ ಕಡ್ಡಿ ಇಳಿಸಿ ನೋಡಿದೆವು. ತೊಯ್ದ ಭಾಗ ನಾಲ್ಕು ಬೆರಳಿಗೆ ಇಳಿದ ಮೇಲೆ ಮತ್ತೆ ನೀರು ಕೊಟ್ಟೆವು, ಅಲ್ಲಿಂದ ನಾಲ್ಕು ದಿನಕ್ಕೊಮ್ಮೆ ಸಾಕಾಯಿತು. ಮೂರನೇ ವಾರದಲ್ಲಿ ಹೊಸ ಚಿಗುರು ಬಂತು. ಬೆರಳನ್ನು ನಂಬಿ ಇನ್ನೂ ಒಂದು ವಾರ ಬಕೀಟು ಸುರಿದಿದ್ದರೆ ಆ ಗಿಡವನ್ನು ಕಿತ್ತು ಒಗೆಯಬೇಕಿತ್ತು.

ಹಾಗಾದರೆ ಮೀಟರ್ ಯಾಕೆ ಬೇಡ? ಅದು ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಕೆಲವು ನೂರು ರೂಪಾಯಿಗೆ ಸಿಗುವ, ಎರಡು ಲೋಹದ ಸಲಾಕೆ ಇರುವ ಮೀಟರಿಗೆ ತೇವಾಂಶ ತೋರಿಸಲು ಬ್ಯಾಟರಿಯೇ ಬೇಕಿಲ್ಲ. ಯಾಕೆಂದರೆ ಅದೇ ಒಂದು ಬ್ಯಾಟರಿ. ಎರಡು ಸಲಾಕೆಗಳು ಬೇರೆ ಬೇರೆ ಲೋಹದವು. ನಡುವೆ ಒದ್ದೆ ಮಣ್ಣು ಸಿಕ್ಕಾಗ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ, ಮುಳ್ಳು ಅಲುಗುತ್ತದೆ. ನಿಂಬೆಹಣ್ಣಿಗೆ ತಾಮ್ರದ ತಂತಿಯನ್ನೂ ಸತುವಿನ ಮೊಳೆಯನ್ನೂ ಚುಚ್ಚಿ ಶಾಲೆಯಲ್ಲಿ ಮಾಡಿದ ಪ್ರಯೋಗದ ತತ್ವವೇ ಇದು. ಈ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದು ಮಣ್ಣಿನಲ್ಲಿ ನೀರು ಎಷ್ಟಿದೆ ಎಂಬುದರ ಮೇಲೆ ಮಾತ್ರ ನಿಂತಿಲ್ಲ. ಆ ನೀರಿನಲ್ಲಿ ಉಪ್ಪು ಎಷ್ಟು ಕರಗಿದೆ, ಸಲಾಕೆಗೆ ಮಣ್ಣು ಎಷ್ಟು ಬಿಗಿಯಾಗಿ ಅಂಟಿದೆ ಎಂಬುದೂ ಅದರಲ್ಲಿ ಸೇರುತ್ತದೆ. ಮುಳ್ಳು ತೋರಿಸುವ 1ರಿಂದ 10 ಅಂಕಿಗಳು ಶೇಕಡಾವಾರು ಲೆಕ್ಕವೂ ಅಲ್ಲ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಯಲಬುರ್ಗಾದ ಗೆಳೆಯನ ಮನೆಯಲ್ಲಿ ನಾವು ಎರಡು ಲೋಟ ಇಟ್ಟೆವು. ಒಂದರಲ್ಲಿ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು, ಇನ್ನೊಂದರಲ್ಲಿ ಮನೆಯ ಬೋರಿನ ನೀರು. ಎರಡೂ ನೂರಕ್ಕೆ ನೂರು ನೀರೇ. ಆದರೆ ಕ್ಯಾನಿನ ನೀರಿನಲ್ಲಿ ಮುಳ್ಳು ತುಸುವೇ ಏರಿತು, ಬೋರಿನ ನೀರಿನಲ್ಲಿ ‘ಒದ್ದೆ’ ಎಂಬ ನೀಲಿ ಪಟ್ಟಿಯೊಳಗೆ ಹೋಗಿ ನಿಂತಿತು. ಕ್ಯಾನಿನ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕಲಕಿದ ಕೂಡಲೇ ಅಲ್ಲಿಯೂ ಮುಳ್ಳು ಜಿಗಿಯಿತು. ನೀರು ಹೆಚ್ಚಾಗಿರಲಿಲ್ಲ, ಉಪ್ಪು ಹೆಚ್ಚಾಗಿತ್ತು.

ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಕಾರಣಕ್ಕೇ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ಸವುಳು ಏರಿದ ಹೊಲಗಳಿವೆ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಉಪ್ಪು ಏರಿದ ಮಣ್ಣಿನ ಮೇಲೆಯೇ ಸಂಶೋಧನೆ ನಡೆಯುತ್ತದೆ. ಮನೆಯಲ್ಲಿ ಆರ್‌ಒ ಯಂತ್ರ ಇರುವವರು, ಅದರಿಂದ ಹೊರಬರುವ ತ್ಯಾಜ್ಯ ನೀರನ್ನು ಚೆಲ್ಲಲು ಮನಸ್ಸಾಗದೆ ಗಿಡಕ್ಕೆ ಹಾಕುತ್ತಾರೆ. ಉಳಿತಾಯದ ಬುದ್ಧಿ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಮೂಲ ನೀರಿಗಿಂತ ಹೆಚ್ಚು ಉಪ್ಪಿರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಕುಂಡದಲ್ಲೇ ಉಳಿಯುತ್ತದೆ. ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಂಡರೆ ಅದೇ ಗುರುತು. ಅಂಥ ಕುಂಡದಲ್ಲಿ ಮಣ್ಣು ಅರೆ ಒಣಗಿದ್ದರೂ ಮೀಟರ್ ‘ಒದ್ದೆ’ ಎಂದೇ ಹೇಳುತ್ತದೆ.

ಗಂಗಾವತಿಯಲ್ಲಿ ಆದದ್ದು ಇದೇ. ಅಂಗಡಿಯೊಂದರ ಮುಂದೆ ಎರಡು ದೊಡ್ಡ ಸಿಮೆಂಟ್ ಕುಂಡಗಳು, ಗದ್ದೆಯಿಂದ ತಂದ ಎರೆ ಮಣ್ಣು, ಅದರಲ್ಲಿ ಕಾಗದದ ಹೂವಿನ ಗಿಡ. ಎಲೆ ಸುರುಟಿ ಒಣಗುತ್ತಿದ್ದವು. ಅಂಗಡಿಯ ಕಾಕಾ ತಾವೇ ಮೀಟರ್ ಕೊಂಡಿದ್ದರು. ಕಡ್ಡಿ ಹಿಡಿದು ಹೋದ ನಮ್ಮನ್ನು ನೋಡಿ, ‘ಇಷ್ಟು ಓದಿ ಕಡ್ಡಿ ಹಿಡ್ಕೊಂಡು ಬಂದಿಯಲ್ಲೋ ಮಾರಾಯ! ನೋಡು, ಎಂಟು ತೋರಸಾಕತ್ತೈತಿ, ನೀರು ಜಾಸ್ತಿ ಆಗೇತಿ’ ಎಂದರು. ಬೆರಳಿಟ್ಟರೂ ಮೇಲಿನ ಮಣ್ಣು ತಂಪಾಗಿಯೇ ಇತ್ತು, ಬೆಳಿಗ್ಗೆ ತಾನೇ ನೀರು ಚಿಮುಕಿಸಿದ್ದರು. ಮೀಟರ್, ಬೆರಳು ಎರಡೂ ಒಂದೇ ಮಾತು ಹೇಳುತ್ತಿದ್ದವು.

ಕಡ್ಡಿ ಬೇರೆಯದನ್ನು ಹೇಳಿತು. ಮೇಲಿನ ನಾಲ್ಕು ಬೆರಳು ತೊಯ್ದಿತ್ತು. ಅದರ ಕೆಳಗೆ ತಳದವರೆಗೂ ಬಿಳಿಯಾಗಿ ಒಣಗಿತ್ತು, ಬರೀ ಪುಡಿ ಮಣ್ಣು ಅಂಟಿತ್ತು. ಯಾಕೆ ಹೀಗೆ ಎಂದು ಕುಂಡದ ಅಂಚನ್ನು ನೋಡಿದರೆ ಸಾಕಿತ್ತು. ಎರೆ ಮಣ್ಣು ಒಣಗಿದಾಗ ಕುಗ್ಗುತ್ತದೆ, ಹೊಲದಲ್ಲಿ ಬಿರುಕು ಬಿಡುವ ಹಾಗೆ ಕುಂಡದಲ್ಲಿ ಗೋಡೆಯಿಂದ ದೂರ ಸರಿಯುತ್ತದೆ. ಹಾಕಿದ ನೀರು ಆ ಸಂದಿಯಿಂದ ಇಳಿದು ರಂಧ್ರದಿಂದ ಹೊರಗೆ ಹೋಗುತ್ತದೆ. ಕೆಳಗೆ ನೀರು ಹರಿದದ್ದನ್ನು ನೋಡಿ ನಮಗೆ ಸಮಾಧಾನ, ನಡುವಿನ ಬೇರಿಗೆ ಉಪವಾಸ. ಮೀಟರಿನ ಸಲಾಕೆ ಸುಮಾರು ಎಂಟು ಅಂಗುಲ ಮಾತ್ರ, ಕಾಕಾ ಅದನ್ನೂ ಅರ್ಧದವರೆಗಷ್ಟೇ ಚುಚ್ಚಿದ್ದರು. ಮೇಲಿನ ಒದ್ದೆ ಪದರ, ಅದರಲ್ಲಿ ಸೇರಿದ್ದ ಉಪ್ಪು ಎರಡೂ ಕೂಡಿ ಎಂಟು ತೋರಿಸಿದ್ದವು.

ಆ ಕುಂಡಕ್ಕೆ ಒಮ್ಮೆಲೇ ಬಕೀಟು ಸುರಿದರೆ ಪ್ರಯೋಜನವಿರಲಿಲ್ಲ. ಮೇಲಿನ ಹೆಂಟೆ ಒಡೆದು ಸಡಿಲ ಮಾಡಿ, ಗೋಡೆಯ ಸಂದಿಗೆ ಪುಡಿ ಮಣ್ಣು ಮತ್ತು ಮರಳು ತುಂಬಿ ಅದುಮಿದೆವು. ನಂತರ ಎರಡೆರಡು ಲೀಟರ್ ನೀರನ್ನು ಅರ್ಧ ಗಂಟೆ ಬಿಟ್ಟು ಬಿಟ್ಟು ಮೂರು ಸಲ ಹಾಕಿದೆವು. ಮರುದಿನ ಕಡ್ಡಿ ತಳದವರೆಗೂ ಕಪ್ಪಾಗಿ ಬಂತು. ಮೇಲೆ ಎರಡು ಅಂಗುಲ ಶೇಂಗಾ ಹೊಟ್ಟು ಹರಡಿದ ಮೇಲೆ ಮಣ್ಣು ಮತ್ತೆ ಗೋಡೆ ಬಿಟ್ಟು ಸರಿಯಲಿಲ್ಲ. ಮೀಟರ್ ಮಾತು ಕೇಳಿ ‘ನೀರು ಜಾಸ್ತಿ’ ಎಂದು ನಾಲ್ಕು ದಿನ ನಿಲ್ಲಿಸಿದ್ದರೆ ಗಿಡ ಉಳಿಯುತ್ತಿರಲಿಲ್ಲ. ಕುಷ್ಟಗಿಯ ನಿಂಬೆಗೂ ಗಂಗಾವತಿಯ ಕಾಗದದ ಹೂವಿಗೂ ಎಲೆ ಬಾಡಿದ್ದೇ ದೂರು, ಆದರೆ ಬೇಕಿದ್ದ ಉಪಚಾರ ಒಂದಕ್ಕೊಂದು ತದ್ವಿರುದ್ಧ.

ಮೀಟರ್ ಇನ್ನೊಂದು ಕಡೆಗೂ ತಪ್ಪುತ್ತದೆ. ತೆಂಗಿನ ನಾರಿನ ಪುಡಿ ತುಂಬಿದ ಹಗುರ ಕುಂಡದಲ್ಲಿ ಗಾಳಿಯ ಸಂದುಗಳು ಹೆಚ್ಚು. ಸಲಾಕೆಗೆ ಪುಡಿ ಸರಿಯಾಗಿ ಅಂಟದಿದ್ದರೆ, ಹಿಂಡಿದರೆ ನೀರು ಬರುವಷ್ಟು ತೊಯ್ದಿದ್ದರೂ ಮುಳ್ಳು ‘ಒಣ’ ಎನ್ನಬಹುದು. ಯಲಬುರ್ಗಾದ ಗೆಳೆಯನ ಮನಿಪ್ಲಾಂಟ್ ಕುಂಡದಲ್ಲಿ ಎರಡು ಅಂಗುಲ ಪಕ್ಕಕ್ಕೆ ಚುಚ್ಚಿದರೆ ಎರಡರ ಬದಲು ಆರು ತೋರಿಸುತ್ತಿತ್ತು. ಒಂದೇ ಕುಂಡದಲ್ಲಿ ಹೀಗೆ ಜಿಗಿಯುವ ಅಂಕಿಯನ್ನು ನಂಬಿ ಯಾರದೋ ಮನೆಯ ಗಿಡಕ್ಕೆ ನೀರು ಹಾಕಲು ನನಗೆ ಧೈರ್ಯವಿಲ್ಲ.

ಇನ್ನು ಕಡ್ಡಿಯ ವಿಧಾನ. ಹೋಟೆಲಿನವರು ಕಬಾಬಿಗೆ ಬಳಸುವ ಹನ್ನೆರಡು ಅಂಗುಲದ ಬಿದಿರು ಕಡ್ಡಿ ಒಂದಡಿ ಆಳದ ಕುಂಡಕ್ಕೆ ಸಾಕು. ಮೊಳದ ಡ್ರಮ್ಮಿಗೆ ಬಿದಿರನ್ನು ಸೀಳಿ ಮಾಡಿದ ಉದ್ದ ಕಡ್ಡಿ ಬೇಕು. ನಮ್ಮ ಕಡೆ ಸುಲಭಕ್ಕೆ ಸಿಗುವ ತೊಗರಿ ಕಟ್ಟಿಗೆಯಲ್ಲಿ ನೆಟ್ಟಗಿರುವುದನ್ನು ಆರಿಸಿ, ತೊಗಟೆ ಹೆರೆದು, ಬಿಸಿಲಲ್ಲಿ ಒಣಗಿಸಿದರೂ ಆಗುತ್ತದೆ. ಬಣ್ಣ ತಿಳಿಯಾಗಿರಬೇಕು, ಎಣ್ಣೆ, ಬಣ್ಣ, ಪಾಲಿಶ್ ಇರಬಾರದು. ಕಾಂಡಕ್ಕೂ ಕುಂಡದ ಗೋಡೆಗೂ ನಡುವೆ ನೆಟ್ಟಗೆ ಇಳಿಸಿ. ಬೇರು ತಡೆದರೆ ಒತ್ತಬೇಡಿ, ಒಂದು ಅಂಗುಲ ಸರಿಸಿ ಮತ್ತೆ ಇಳಿಸಿ. ಎರೆ ಮಣ್ಣು ಗಟ್ಟಿಯಾಗಿದ್ದರೆ ಹಳೆಯ ಛತ್ರಿಯ ಕಂಬಿಯಿಂದ ಮೊದಲು ದಾರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಕಡ್ಡಿ ಒಳಗೇ ಮುರಿಯುತ್ತದೆ. ಹತ್ತರಿಂದ ಹದಿನೈದು ನಿಮಿಷ ಬಿಟ್ಟು, ತಿರುವದೆ ಮೆಲ್ಲಗೆ ಎಳೆಯಿರಿ. ನೆರಳಲ್ಲಿ ಕೂಡಲೇ ನೋಡಿ, ಬೇಸಿಗೆಯ ಬಿಸಿಲಿಗೆ ಹಿಡಿದರೆ ಕಡ್ಡಿಯ ಬಣ್ಣ ನಿಮಿಷದಲ್ಲಿ ಬದಲಾಗುತ್ತದೆ. ಬಣ್ಣದಲ್ಲಿ ಅನುಮಾನ ಬಂದರೆ ಕಡ್ಡಿಯನ್ನು ಕೆನ್ನೆಗೆ ತಾಗಿಸಿ. ಒದ್ದೆ ಇದ್ದರೆ ತಣ್ಣಗೆ ಗೊತ್ತಾಗುತ್ತದೆ.

ಓದುವುದೂ ಸರಳ. ತಳದಿಂದ ಎಷ್ಟು ಎತ್ತರದವರೆಗೆ ಕಡ್ಡಿ ಕಪ್ಪಾಗಿದೆಯೋ ಅಷ್ಟು ಒದ್ದೆ ಇದೆ. ನಿಂಬೆ, ದಾಳಿಂಬೆ, ಕಾಗದದ ಹೂವಿಗೆ ತಳದ ಕಾಲು ಭಾಗ ಮಾತ್ರ ಒದ್ದೆ ಉಳಿದಾಗ ನೀರು ಕೊಡುತ್ತೇನೆ. ಮಲ್ಲಿಗೆಗೆ ಮೇಲಿನ ಅರ್ಧ ಒಣಗಿದರೆ ಸಾಕು. ದಪ್ಪ ಬುಡದ ಅಡೆನಿಯಂಗೆ ಕಡ್ಡಿ ಪೂರ್ತಿ ಬಿಳಿಯಾಗಿ ಬರುವವರೆಗೆ ಕಾಯುತ್ತೇನೆ.

ಕಡ್ಡಿಗೂ ಮಿತಿಗಳಿವೆ. ಎರೆ ಮಣ್ಣು ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಕಡ್ಡಿ ತುಸು ಕಪ್ಪಾಗಿ ಬಂದರೂ ಆ ನೀರನ್ನು ಬೇರಿಗೆ ಎಳೆಯಲಾಗದಿರಬಹುದು. ಹಾಗಾಗಿ ಎರೆ ಮಣ್ಣಿನಲ್ಲಿ ಬಣ್ಣಕ್ಕಿಂತ ಮಣ್ಣು ಅಂಟುವುದನ್ನು ನೋಡಬೇಕು. ಜಿಗುಟಾಗಿ ಮೆತ್ತಿದ್ದರೆ ನೀರಿದೆ, ಬರೀ ಮಸುಕು ಬಣ್ಣ ಬಂದಿದ್ದರೆ ನೀರು ಕೊಡುವ ಹೊತ್ತು. ಮರಳು ಹೆಚ್ಚಿರುವ ಮಸಾರಿಯಲ್ಲಿ ಇದು ಉಲ್ಟಾ. ಒದ್ದೆ ಇದ್ದರೂ ಮಣ್ಣು ಅಷ್ಟಾಗಿ ಅಂಟುವುದಿಲ್ಲ, ಅಲ್ಲಿ ಬಣ್ಣವನ್ನೇ ನಂಬಬೇಕು. ಕಡ್ಡಿಯನ್ನು ಮಣ್ಣಿನಲ್ಲೇ ಬಿಟ್ಟರೆ ಬೂಸಲು ಹಿಡಿಯುತ್ತದೆ. ಕಲೆಯಾದ ಕಡ್ಡಿ ಮರುದಿನ ಸುಳ್ಳು ಹೇಳುತ್ತದೆ, ಒಣಗಿಸಿ ಹೆರೆಯಬೇಕು ಅಥವಾ ಎಸೆಯಬೇಕು.

‘ಅರವತ್ತು ಕುಂಡ ಇದ್ದರೆ ಹತ್ತು ನಿಮಿಷದಂತೆ ಹತ್ತು ತಾಸು ಬೇಕಲ್ಲ, ಮೀಟರ್ ಆದರೆ ಅರೆ ನಿಮಿಷದ ಕೆಲಸ’ ಎಂದು ಗೆಳೆಯರು ವಾದಿಸಿದರು. ವಾದದಲ್ಲಿ ಹುರುಳಿದೆ, ಉತ್ತರವೂ ಇದೆ. ಇಪ್ಪತ್ತು ಕಡ್ಡಿ ಇಟ್ಟುಕೊಂಡು ಸಾಲಾಗಿ ಇಳಿಸುತ್ತ ಹೋಗಿ. ಇಪ್ಪತ್ತನೆಯದನ್ನು ಇಳಿಸುವಷ್ಟರಲ್ಲಿ ಮೊದಲನೆಯದು ಎಳೆಯಲು ಸಿದ್ಧವಾಗಿರುತ್ತದೆ. ಎರಡು ವಾರ ತಾರೀಖು ಹಾಕಿ ಬರೆದಿಟ್ಟರೆ ಯಾವ ಕುಂಡ ಎಷ್ಟು ದಿನಕ್ಕೆ ಒಣಗುತ್ತದೆ ಎಂಬುದು ತಿಳಿಯುತ್ತದೆ, ಆಮೇಲೆ ಎಲ್ಲಕ್ಕೂ ದಿನವೂ ಕಡ್ಡಿ ಬೇಕಿಲ್ಲ.

ಈಗಾಗಲೇ ಮೀಟರ್ ಕೊಂಡವರು ಅದನ್ನು ಎಸೆಯಬೇಕಿಲ್ಲ. ಒಂದೇ ಮಣ್ಣು, ಒಂದೇ ನೀರು ಇರುವ ಒಂದಡಿ ಒಳಗಿನ ಕುಂಡಗಳ ಸಾಲಿಗೆ ಅದು ಆದೀತು. ನೀರು ಕೊಟ್ಟು ಸೋರಿದ ಮೇಲೆ ಮುಳ್ಳು ಎಲ್ಲಿ ನಿಲ್ಲುತ್ತದೆ, ಕಡ್ಡಿ ಬಿಳಿಯಾಗಿ ಬಂದ ದಿನ ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಿ. ಆ ಎರಡು ಗುರುತುಗಳೇ ನಿಮ್ಮ ಅಳತೆಪಟ್ಟಿ, ಅಚ್ಚು ಹಾಕಿದ ಅಂಕಿಗಳಲ್ಲ. ಬಳಸಿದ ಮೇಲೆ ಸಲಾಕೆ ಒರೆಸಿಡಿ, ಮಣ್ಣಿನಲ್ಲೇ ಬಿಟ್ಟರೆ ತುಕ್ಕು, ಕಿಲುಬು ಹಿಡಿದು ಅಂಕಿ ಇನ್ನಷ್ಟು ಕೆಡುತ್ತದೆ.

ಬೆರಳಿಗೂ ಆಳದ ಕುಂಡದಲ್ಲಿ ಒಂದು ಜಾಗವಿದೆ, ಅದು ಮೇಲಲ್ಲ. ಕುಂಡವನ್ನು ಇಟ್ಟಿಗೆಗಳ ಮೇಲೆ ಕೂರಿಸಿದರೆ ತಳದ ರಂಧ್ರಕ್ಕೆ ಬೆರಳು ತಾಗುತ್ತದೆ. ಮೂರು ದಿನದಿಂದ ನೀರು ಹಾಕದಿದ್ದರೂ ಅಲ್ಲಿ ತೊಟ್ಟಿಕ್ಕುವಷ್ಟು ಒದ್ದೆ ಇದ್ದರೆ ತಳದಲ್ಲಿ ನೀರು ನಿಂತಿದೆ ಎಂದೇ ಅರ್ಥ.

ಹಿಂಗಾರಿ ಬಿತ್ತನೆಗೆ ಮುಂಚೆ ನಮ್ಮ ಹೊಲಗಳಲ್ಲಿ ಹಿರಿಯರು ಮೇಲಿನ ಮಣ್ಣನ್ನು ಕೆದರಿ ಸರಿಸಿ, ಹಸಿ ಎಷ್ಟು ಆಳಕ್ಕಿದೆ ಎಂದು ನೋಡುತ್ತಾರೆ. ಅವರು ಕೇಳುವುದು ‘ಹಸಿ ಐತೇನು’ ಎಂದಲ್ಲ, ‘ಹಸಿ ಎಲ್ಲಿಮಟ ಐತಿ’ ಎಂದು. ಮೀಟರ್ ಒಂದು ಅಂಕಿ ಕೊಡುತ್ತದೆ, ಬೆರಳು ಮೇಲ್ಪದರ ತೋರಿಸುತ್ತದೆ. ಎಲ್ಲಿಮಟ ಎಂಬ ಪ್ರಶ್ನೆಗೆ ತಳದಿಂದ ತುದಿಯವರೆಗೆ ಉತ್ತರ ಬರೆದುಕೊಂಡು ಬರುವುದು ಈ ಮೂರರಲ್ಲಿ ಕಡ್ಡಿ ಮಾತ್ರ. ಗೆಳೆಯರಿಗೆ ಹೇಳಿದ್ದೂ ಇಷ್ಟೇ: ಮೀಟರಿಗೆ ಕೊಡುವ ದುಡ್ಡಿನಲ್ಲಿ ಒಂದು ಕಟ್ಟು ಬಿದಿರು ಕಡ್ಡಿ, ಒಂದು ನೋಟ್‌ಬುಕ್, ಪ್ರತಿ ದೊಡ್ಡ ಕುಂಡದ ಅಡಿಗೆ ಮೂರು ಇಟ್ಟಿಗೆ ತೊಗೊಳ್ಳಿ.